ಬಾಡಿಗೆ ರಸೀದಿ, ಬೇಸಿಕ್, ಊರು: ಮೂರರಲ್ಲಿ ಚಿಕ್ಕದು ಯಾವುದು?

ಜನವರಿ ಬಂತೆಂದರೆ ಬೆಂಗಳೂರಿನ ಕಚೇರಿಗಳಲ್ಲಿ ಅಕೌಂಟ್ಸ್ ವಿಭಾಗದ ಇಮೇಲ್ ಒಂದು ಎಲ್ಲರ ಕಂಪ್ಯೂಟರಿಗೂ ಬಂದು ಬೀಳುತ್ತದೆ. ಬಾಡಿಗೆ ರಸೀದಿ, ಕರಾರು ಪತ್ರ, ಮನೆ ಮಾಲೀಕರ ಪ್ಯಾನ್ ಸಂಖ್ಯೆ ಇವನ್ನು ಇಂಥ ತಾರೀಖಿನೊಳಗೆ ಸಲ್ಲಿಸಬೇಕು, ಇಲ್ಲದಿದ್ದರೆ ಉಳಿದ ತಿಂಗಳುಗಳ ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳಲಾಗುತ್ತದೆ ಎಂಬುದು ಅದರ ಸಾರಾಂಶ. ವರ್ಷವಿಡೀ ಫೋನಿನಲ್ಲೇ ಬಾಡಿಗೆ ಕಳಿಸಿ ಸುಮ್ಮನಿದ್ದವರು ಆ ವಾರ ಸ್ಟೇಷನರಿ ಅಂಗಡಿಗೆ ಹೋಗಿ ರಸೀದಿ ಪುಸ್ತಕ ತರುತ್ತಾರೆ. ಹನ್ನೆರಡು ಹಾಳೆಗಳಿಗೆ ಮಾಲೀಕರಿಂದ ಒಂದೇ ಕೂತದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಫೆಬ್ರುವರಿ ಸಂಬಳ ಕೈಗೆ ಬಂದಾಗ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ: ಕೊಟ್ಟ ಬಾಡಿಗೆ ಎರಡು ಲಕ್ಷಕ್ಕೂ ಮೇಲೆ, ವಿನಾಯಿತಿ ಎಂದು ತೋರಿಸಿರುವುದು ಒಂದೂವರೆ ಲಕ್ಷವೂ ಇಲ್ಲ, ಉಳಿದದ್ದು ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿರುವುದಿಲ್ಲ. ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಎಂದರೆ ಕೊಟ್ಟ ಬಾಡಿಗೆಯೂ ಅಲ್ಲ, ಸಿಕ್ಕ ಭತ್ಯೆಯೂ ಅಲ್ಲ. ಅದು ಮೂರು ಮೊತ್ತಗಳನ್ನು ಅಕ್ಕಪಕ್ಕ ಇಟ್ಟು ಅವುಗಳಲ್ಲಿ ತೀರಾ ಚಿಕ್ಕದನ್ನು ಆರಿಸುವ ಲೆಕ್ಕ. 1961ರ ಆದಾಯ ತೆರಿಗೆ ಕಾಯಿದೆಯ ಸೆಕ್ಷನ್ 10(13ಎ) ಈ ವಿನಾಯಿತಿಯನ್ನು ಕೊಟ್ಟಿತ್ತು. ಎಷ್ಟು ಕೊಡಬೇಕು ಎಂಬುದನ್ನು 1962ರ ಆದಾಯ ತೆರಿಗೆ ನಿಯಮಗಳ ನಿಯಮ 2ಎ ಹೇಳುತ್ತಿತ್ತು. ಮೂರರಲ್ಲಿ ಯಾವುದು ಚಿಕ್ಕದು ಎಂದು ಗೊತ್ತಾದರೆ ಸಾಕು, ಬಾಡಿಗೆ ಹೆಚ್ಚಾದರೆ ಏನಾಗುತ್ತದೆ, ಬಡ್ತಿ ಸಿಕ್ಕರೆ ಏನಾಗುತ್ತದೆ, ಬೇರೆ ಊರಿಗೆ ವರ್ಗವಾದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಸಿಗುತ್ತದೆ.

ಸಂಬಳ ಚೀಟಿಯ ಎರಡು ಸಾಲು

ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿ ಕೆಲಸ ಮಾಡುವ, ವಿಜಯನಗರದಲ್ಲಿ ಬಾಡಿಗೆಗಿರುವ ಉದ್ಯೋಗಿಯೊಬ್ಬರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವರ್ಷ 2024-25. ಅವರ ಸಂಬಳ ಚೀಟಿಯ ಎಡಗಡೆಯಲ್ಲಿ ಮೂರು ಸಾಲುಗಳಿವೆ: ಬೇಸಿಕ್ 40,000 ರೂಪಾಯಿ, ಎಚ್‌ಆರ್‌ಎ 16,000, ಸ್ಪೆಷಲ್ ಅಲೊವೆನ್ಸ್ 22,000. ಒಟ್ಟು 78,000. ಬಲಗಡೆ ಭವಿಷ್ಯನಿಧಿಗೆ 4,800, ವೃತ್ತಿ ತೆರಿಗೆಗೆ 200 ಕಡಿತವಾಗಿದೆ. ಮನೆ ಬಾಡಿಗೆ ತಿಂಗಳಿಗೆ 18,000.

ಎಚ್‌ಆರ್‌ಎ ಲೆಕ್ಕಕ್ಕೆ ಈ ಚೀಟಿಯಿಂದ ಬೇಕಾಗುವುದು ಮೊದಲ ಎರಡು ಸಾಲು ಮಾತ್ರ. ಸ್ಪೆಷಲ್ ಅಲೊವೆನ್ಸ್ ಎಷ್ಟೇ ದೊಡ್ಡದಿದ್ದರೂ ಇಲ್ಲಿ ಅದಕ್ಕೆ ಕೆಲಸವಿಲ್ಲ. ಒಟ್ಟು ಸಂಬಳವೂ ಬೇಡ, ಕೈಗೆ ಬರುವ ಸಂಬಳವೂ ಬೇಡ. ನಿಯಮದಲ್ಲಿ ಸಂಬಳ ಎಂದರೆ ಮೂಲ ವೇತನ ಮತ್ತು ಉದ್ಯೋಗದ ಷರತ್ತಿನಂತೆ ನಿವೃತ್ತಿ ಸೌಲಭ್ಯಗಳಿಗೆ ಲೆಕ್ಕವಾಗುವ ತುಟ್ಟಿಭತ್ಯೆ. ಮಾರಾಟದ ಮೇಲೆ ಇಂತಿಷ್ಟು ಶೇಕಡಾ ಎಂದು ನಿಗದಿಯಾದ ಕಮಿಷನ್ ಪಡೆಯುವವರಿಗೆ ಆ ಕಮಿಷನ್ ಕೂಡ ಸೇರುತ್ತದೆ. ಖಾಸಗಿ ಕಂಪನಿಗಳ ಬಹುಪಾಲು ನೌಕರರಿಗೆ ಇವೆರಡೂ ಇರುವುದಿಲ್ಲವಾದ್ದರಿಂದ ಬೇಸಿಕ್ ಒಂದೇ ಉಳಿಯುತ್ತದೆ.

ಈಗ ಮೂರು ಮೊತ್ತ. ಒಂದು, ಕಂಪನಿ ನಿಜಕ್ಕೂ ಕೊಟ್ಟ ಎಚ್‌ಆರ್‌ಎ: 16,000. ಎರಡು, ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ ಶೇ 10 ಕಳೆದು ಉಳಿದದ್ದು: 18,000ದಲ್ಲಿ 4,000 ಕಳೆದರೆ 14,000. ಮೂರು, ಊರಿನ ಮಿತಿ. ಮನೆ ಮುಂಬೈ, ಕೋಲ್ಕತ್ತ, ದೆಹಲಿ ಅಥವಾ ಚೆನ್ನೈನಲ್ಲಿದ್ದರೆ ಬೇಸಿಕ್‌ನ ಶೇ 50, ಬೇರೆಲ್ಲೇ ಇದ್ದರೂ ಶೇ 40. ನಮ್ಮ ಉದ್ಯೋಗಿಯ ಮನೆ ಇರುವುದು ಬೆಂಗಳೂರಿನಲ್ಲಿ. ಹಾಗಾಗಿ 40,000ದ ಶೇ 40, ಅಂದರೆ 16,000.

ಮೂರರಲ್ಲಿ ಚಿಕ್ಕದು 14,000. ತಿಂಗಳಿಗೆ ಅಷ್ಟಕ್ಕೆ ತೆರಿಗೆ ಇಲ್ಲ. ಎಚ್‌ಆರ್‌ಎಯಲ್ಲಿ ಮಿಕ್ಕ 2,000 ಮಾಮೂಲಿ ಸಂಬಳದಂತೆ ತೆರಿಗೆಗೆ ಒಳಪಡುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಬಹಳಷ್ಟು ಕಂಪನಿಗಳು ಬೆಂಗಳೂರಿನಲ್ಲಿ ಎಚ್‌ಆರ್‌ಎಯನ್ನು ಬೇಸಿಕ್‌ನ ಶೇ 40ಕ್ಕೇ ನಿಲ್ಲಿಸಿರುತ್ತವೆ. ಆಗ ಮೊದಲನೆಯ ಮೊತ್ತವೂ ಮೂರನೆಯದೂ ಒಂದೇ. ಸ್ಪರ್ಧೆ ಇರುವುದು ಅದಕ್ಕೂ ಬಾಡಿಗೆಗೂ ನಡುವೆ. ಬಾಡಿಗೆಯು ಬೇಸಿಕ್‌ನ ಅರ್ಧವನ್ನು ದಾಟದವರೆಗೆ, ಅದರಲ್ಲಿ ಶೇ 10 ಕಳೆದ ಮೇಲೆ ಉಳಿಯುವುದು ಶೇ 40ನ್ನು ಮೀರಲಾರದು. ಹೀಗಾಗಿ ಮಧ್ಯಮ ಬಾಡಿಗೆಯ ಮನೆಗಳಲ್ಲಿರುವವರಿಗೆ ಮಿತಿ ಹಾಕುವುದು ಎರಡನೆಯ ಮೊತ್ತವೇ.

ತಿಂಗಳು ತಿಂಗಳಿಗೂ ಬೇರೆ ಲೆಕ್ಕ

ಹನ್ನೆರಡು ತಿಂಗಳೂ ಬೇಸಿಕ್, ಎಚ್‌ಆರ್‌ಎ, ಬಾಡಿಗೆ, ಊರು ನಾಲ್ಕೂ ಬದಲಾಗದಿದ್ದರೆ ಒಂದು ತಿಂಗಳ ಮೊತ್ತವನ್ನು ಹನ್ನೆರಡರಿಂದ ಗುಣಿಸಿದರೆ ಮುಗಿಯಿತು. ಆದರೆ ವರ್ಷವೊಂದು ಹಾಗೆ ನೇರವಾಗಿ ಕಳೆಯುವುದು ಅಪರೂಪ. ನಿಯಮವೂ ಬಾಡಿಗೆ ಮನೆಯಲ್ಲಿ ವಾಸವಿದ್ದ ಅವಧಿಯನ್ನಷ್ಟೇ ಪರಿಗಣಿಸುತ್ತದೆ. ಬಾಡಿಗೆ ಕೊಡದ ತಿಂಗಳ ಎಚ್‌ಆರ್‌ಎಗೆ ವಿನಾಯಿತಿ ಇಲ್ಲ. ಆ ತಿಂಗಳ ಬೇಸಿಕ್ ಕೂಡ ಲೆಕ್ಕದಿಂದ ಹೊರಗೆ.

ನಮ್ಮ ಉದ್ಯೋಗಿ 2024ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನೆಂಟರ ಮನೆಯಲ್ಲಿದ್ದರು, ಬಾಡಿಗೆ ಕೊಟ್ಟಿರಲಿಲ್ಲ ಎಂದುಕೊಳ್ಳೋಣ. ಜೂನ್ 1ಕ್ಕೆ ವಿಜಯನಗರದ ಮನೆಗೆ ಬಂದರು. ಅಕ್ಟೋಬರ್‌ನಲ್ಲಿ ಬಡ್ತಿ ಸಿಕ್ಕಿ ಬೇಸಿಕ್ 45,000ಕ್ಕೂ ಎಚ್‌ಆರ್‌ಎ 18,000ಕ್ಕೂ ಏರಿತು. ಜನವರಿಯಲ್ಲಿ ಮಾಲೀಕರು ಬಾಡಿಗೆಯನ್ನು 20,000ಕ್ಕೆ ಏರಿಸಿದರು. ಈ ಒಂದು ವರ್ಷ ಲೆಕ್ಕದಲ್ಲಿ ನಾಲ್ಕು ತುಂಡಾಗುತ್ತದೆ.

ಏಪ್ರಿಲ್, ಮೇ: ಬಾಡಿಗೆ ಇಲ್ಲ, ವಿನಾಯಿತಿ ಸೊನ್ನೆ.

ಜೂನ್‌ನಿಂದ ಸೆಪ್ಟೆಂಬರ್: ಮೇಲೆ ಕಂಡಂತೆ ತಿಂಗಳಿಗೆ 14,000. ನಾಲ್ಕು ತಿಂಗಳಿಗೆ 56,000.

ಅಕ್ಟೋಬರ್‌ನಿಂದ ಡಿಸೆಂಬರ್: ಎಚ್‌ಆರ್‌ಎ 18,000. ಊರಿನ ಮಿತಿಯೂ 18,000. ಬಾಡಿಗೆ 18,000ದಲ್ಲಿ ಹೊಸ ಬೇಸಿಕ್‌ನ ಶೇ 10, ಅಂದರೆ 4,500 ಕಳೆದರೆ 13,500. ಮೂರು ತಿಂಗಳಿಗೆ 40,500.

ಜನವರಿಯಿಂದ ಮಾರ್ಚ್: 20,000ದಲ್ಲಿ 4,500 ಕಳೆದು 15,500. ಮೂರು ತಿಂಗಳಿಗೆ 46,500.

ಒಟ್ಟು 1,43,000 ರೂಪಾಯಿ. ವರ್ಷದಲ್ಲಿ ಅವರಿಗೆ ಬಂದ ಎಚ್‌ಆರ್‌ಎ 2,04,000. ಕೊಟ್ಟ ಬಾಡಿಗೆ 1,86,000. ವಿನಾಯಿತಿ ಎರಡಕ್ಕಿಂತಲೂ ಕಡಿಮೆ. ತೆರಿಗೆಗೆ ಸೇರುವ ಎಚ್‌ಆರ್‌ಎ 61,000.

ಅಕ್ಟೋಬರ್‌ನ ಸಾಲನ್ನು ಇನ್ನೊಮ್ಮೆ ನೋಡಿ. ಬಡ್ತಿ ಸಿಕ್ಕಿತು, ಎಚ್‌ಆರ್‌ಎ 2,000 ರೂಪಾಯಿ ಹೆಚ್ಚಾಯಿತು, ಆದರೆ ವಿನಾಯಿತಿ 500 ರೂಪಾಯಿ ಇಳಿಯಿತು. ಬಾಡಿಗೆ ಅಷ್ಟೇ ಇದ್ದು ಬೇಸಿಕ್ ಏರಿದರೆ ಕಳೆಯಬೇಕಾದ ಶೇ 10ರ ಪಾಲು ದೊಡ್ಡದಾಗುತ್ತದೆ. ಬಡ್ತಿಯ ನಂತರ ತೆರಿಗೆ ಕಡಿತ ನಿರೀಕ್ಷೆಗಿಂತ ಜಾಸ್ತಿ ಕಂಡಾಗ ಅಕೌಂಟ್ಸ್‌ನವರು ತಪ್ಪು ಮಾಡಿದ್ದಾರೆ ಎಂದು ದೂರುವ ಮುನ್ನ ಈ ಕಳೆಯುವ ಲೆಕ್ಕವನ್ನು ನೋಡಿಕೊಳ್ಳಬೇಕು.

ಇದನ್ನೇ ಇಡೀ ವರ್ಷಕ್ಕೆ ಒಟ್ಟು ಹಾಕಿ ಲೆಕ್ಕ ಮಾಡಿದ್ದರೆ? ಬಾಡಿಗೆ 1,86,000, ವರ್ಷದ ಬೇಸಿಕ್ 5,10,000, ಅದರ ಶೇ 10 ಎಂದರೆ 51,000. ಕಳೆದರೆ 1,35,000. ಸರಿಯಾದ ಮೊತ್ತಕ್ಕಿಂತ 8,000 ಕಡಿಮೆ. ಬಾಡಿಗೆಯೇ ಇಲ್ಲದ ಏಪ್ರಿಲ್, ಮೇ ತಿಂಗಳ ಬೇಸಿಕ್‌ನ ಶೇ 10ನ್ನೂ ಕಳೆದುಬಿಟ್ಟದ್ದೇ ಇದಕ್ಕೆ ಕಾರಣ.

ತಪ್ಪು ಯಾವಾಗಲೂ ಉದ್ಯೋಗಿಗೆ ನಷ್ಟವಾಗುವಂತೆಯೇ ಆಗಬೇಕೆಂದಿಲ್ಲ. ಬೇಸಿಕ್ 40,000, ಎಚ್‌ಆರ್‌ಎ 16,000 ಇರುವ ಇನ್ನೊಬ್ಬರು ಆರು ತಿಂಗಳು ಸ್ವಂತ ಮನೆಯಲ್ಲಿದ್ದು, ಮಿಕ್ಕ ಆರು ತಿಂಗಳು 30,000 ಬಾಡಿಗೆಯ ಮನೆಯಲ್ಲಿದ್ದರು ಎನ್ನಿ. ತಿಂಗಳ ಲೆಕ್ಕದಲ್ಲಿ ಅವರಿಗೆ ಸಿಗುವುದು ಆರು ಬಾರಿ 16,000, ಅಂದರೆ 96,000. ವರ್ಷದ ಮೊತ್ತ ಹಾಕಿದರೆ 1,80,000 ಬಾಡಿಗೆಯಲ್ಲಿ 48,000 ಕಳೆದು 1,32,000 ಬರುತ್ತದೆ. 36,000 ರೂಪಾಯಿ ಜಾಸ್ತಿ ತೋರಿಸಿದಂತಾಯಿತು. ರಿಟರ್ನ್‌ನಲ್ಲಿ ಹೀಗೆ ಹಾಕಿದವರಿಗೆ ಮುಂದೆ ನೋಟಿಸ್ ಬಂದರೆ ತೆರಿಗೆಯ ಜತೆಗೆ ಬಡ್ಡಿಯನ್ನೂ ಕಟ್ಟಬೇಕಾಗುತ್ತದೆ.

ಸರ್ಕಾರಿ ನೌಕರರ ತುಟ್ಟಿಭತ್ಯೆ

ಸರ್ಕಾರಿ ನೌಕರರು ಇದೇ ಲೆಕ್ಕ ಮಾಡುವಾಗ ಎಡವುವ ಜಾಗ ಬೇರೆ. ಅವರ ತುಟ್ಟಿಭತ್ಯೆ ನಿಯಮದ ಅರ್ಥದಲ್ಲಿ ಸಂಬಳಕ್ಕೆ ಸೇರುತ್ತದೆ. ಆದರೆ ಸಂಬಳ ಚೀಟಿಯಲ್ಲಿ ಅದು ಬೇರೆ ಸಾಲಿನಲ್ಲಿ ಇರುವುದರಿಂದ, ಬೇಸಿಕ್ ಒಂದನ್ನೇ ಹಿಡಿದು ಲೆಕ್ಕ ಮಾಡುವವರೇ ಹೆಚ್ಚು.

ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರಿ ನೌಕರರೊಬ್ಬರ ಮೂಲ ವೇತನ 50,000 ಎಂದುಕೊಳ್ಳಿ. 2024ರ ಜನವರಿಯಿಂದ ಜೂನ್‌ವರೆಗೆ ಅವರ ತುಟ್ಟಿಭತ್ಯೆ ಶೇ 50 ಇತ್ತು, ಅಂದರೆ 25,000. ತುಟ್ಟಿಭತ್ಯೆ ಶೇ 50 ಮುಟ್ಟಿದಾಗ ದೊಡ್ಡ ನಗರಗಳ ಎಚ್‌ಆರ್‌ಎ ಮೂಲ ವೇತನದ ಶೇ 30ಕ್ಕೆ ಏರಿತ್ತು, ಅಂದರೆ 15,000. ಬಾಡಿಗೆ 18,000 ಇದ್ದರೆ ಎರಡನೆಯ ಮೊತ್ತ ಎಷ್ಟು? ಬೇಸಿಕ್ ಒಂದನ್ನೇ ಹಿಡಿದರೆ 13,000. ನಿಯಮದಂತೆ 75,000ದ ಶೇ 10 ಕಳೆದರೆ 10,500. ತಿಂಗಳಿಗೆ 2,500 ರೂಪಾಯಿ ವ್ಯತ್ಯಾಸ. ತುಟ್ಟಿಭತ್ಯೆ ವರ್ಷಕ್ಕೆ ಎರಡು ಸಲ ಬದಲಾಗುವುದರಿಂದ ಇವರ ವರ್ಷವೂ ತುಂಡು ತುಂಡಾಗಿಯೇ ಲೆಕ್ಕಕ್ಕೆ ಬರುತ್ತದೆ.

ಮನೆ ಯಾವ ಊರಲ್ಲಿದೆ?

ಮೂರನೆಯ ಮೊತ್ತದ ಬಗ್ಗೆ ಬೆಂಗಳೂರಿಗರಿಗೆ ಹಳೆಯದೊಂದು ಅಸಮಾಧಾನವಿದೆ. ಬಾಡಿಗೆ ಗಗನಕ್ಕೇರಿದ ಊರಿಗೆ ಶೇ 40, ಕೋಲ್ಕತ್ತಕ್ಕೆ ಶೇ 50 ಏಕೆ ಎಂಬ ಪ್ರಶ್ನೆ ಪ್ರತಿ ಬಜೆಟ್‌ಗೂ ಮುನ್ನ ಏಳುತ್ತಿತ್ತು. 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯಿದೆ ಬಂದಿದೆ. ಅದರ ನಿಯಮಗಳ ಕರಡಿನಲ್ಲಿ ಬೆಂಗಳೂರು, ಹೈದರಾಬಾದ್, ಪುಣೆ, ಅಹಮದಾಬಾದ್‌ಗಳನ್ನೂ ಶೇ 50ರ ಪಟ್ಟಿಗೆ ಸೇರಿಸುವ ಪ್ರಸ್ತಾವವಿತ್ತು. ಅದಕ್ಕೂ ಹಿಂದಿನ ವರ್ಷಗಳ ಲೆಕ್ಕಕ್ಕೆ ಹಳೆಯ ನಾಲ್ಕು ನಗರಗಳ ಪಟ್ಟಿಯೇ ಅನ್ವಯ.

ಊರು ಪಟ್ಟಿಗೆ ಸೇರಿದೊಡನೆ ಎಲ್ಲರ ವಿನಾಯಿತಿಯೂ ಏರುತ್ತದೆಯೇ? ವಿಜಯನಗರದ ಉದ್ಯೋಗಿಯನ್ನೇ ಜನವರಿಯಲ್ಲಿ ಚೆನ್ನೈಗೆ ವರ್ಗ ಮಾಡಿ ನೋಡೋಣ. ಬೇಸಿಕ್ 45,000, ಅಲ್ಲಿಯೂ ಬಾಡಿಗೆ 20,000. ಕಂಪನಿ ಎಚ್‌ಆರ್‌ಎಯನ್ನು 22,500ಕ್ಕೆ ಏರಿಸಿತು, ಊರಿನ ಮಿತಿಯೂ 22,500 ಆಯಿತು. ಆದರೆ ಬಾಡಿಗೆಯಲ್ಲಿ ಶೇ 10 ಕಳೆದ ಮೊತ್ತ ಬೆಂಗಳೂರಿನಲ್ಲಿ ಇದ್ದಂತೆ 15,500ರಲ್ಲೇ ನಿಂತಿದೆ. ಊರು ಬದಲಾದರೂ ವಿನಾಯಿತಿ ಒಂದು ರೂಪಾಯಿಯೂ ಬದಲಾಗಲಿಲ್ಲ.

ಊರಿನಿಂದ ಪ್ರಯೋಜನವಾಗಬೇಕಾದರೆ ಎರಡು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ಬಾಡಿಗೆ ಬೇಸಿಕ್‌ನ ಅರ್ಧಕ್ಕಿಂತ ಹೆಚ್ಚಿರಬೇಕು, ಕಂಪನಿ ಕೊಡುವ ಎಚ್‌ಆರ್‌ಎಯೂ ಬೇಸಿಕ್‌ನ ಶೇ 40ಕ್ಕಿಂತ ಹೆಚ್ಚಿರಬೇಕು. ಬೇಸಿಕ್ 40,000, ಎಚ್‌ಆರ್‌ಎ 20,000, ಬಾಡಿಗೆ 26,000 ಇರುವವರನ್ನು ನೋಡಿ. ಎಚ್‌ಆರ್‌ಎ 20,000. ಬಾಡಿಗೆಯಲ್ಲಿ ಶೇ 10 ಕಳೆದರೆ 22,000. ಶೇ 40ರ ಊರಿನಲ್ಲಿ ಮೂರನೆಯ ಮೊತ್ತ 16,000, ಅದೇ ಮಿತಿ. ಶೇ 50ರ ಊರಿನಲ್ಲಿ ಅದು 20,000. ಇವರಿಗೆ ಮಾತ್ರ ತಿಂಗಳಿಗೆ 4,000 ಲಾಭ. ಇದೇ ವ್ಯಕ್ತಿಗೆ ಕಂಪನಿ ಕೊಡುವ ಎಚ್‌ಆರ್‌ಎ 16,000 ಆಗಿದ್ದರೆ, ಊರು ಯಾವ ಪಟ್ಟಿಯಲ್ಲಿದ್ದರೂ ವಿನಾಯಿತಿ 16,000ವನ್ನು ದಾಟದು.

ನಿಯಮ ಕೇಳುವುದು ಮನೆ ಎಲ್ಲಿದೆ ಎಂಬುದನ್ನು, ಕಚೇರಿ ಎಲ್ಲಿದೆ ಎಂಬುದನ್ನಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡಿ ಹೊಸೂರಿನಲ್ಲಿ ಮನೆ ಮಾಡಿಕೊಂಡವರ ಊರು ಹೊಸೂರು. ದೆಹಲಿಯ ಕಚೇರಿಗೆ ನೊಯ್ಡಾ ಅಥವಾ ಗುರುಗ್ರಾಮದಿಂದ ಓಡಾಡುವ ಕನ್ನಡಿಗರಿಗೂ ಸಿಗುವುದು ಶೇ 40 ಮಾತ್ರ, ಏಕೆಂದರೆ ಅವೆರಡೂ ದೆಹಲಿಯ ಹೊರಗಿವೆ. ಸಂಬಳ ಚೀಟಿಯ ಮೇಲೆ ಅಚ್ಚಾಗಿರುವ ಊರು ಸಾಮಾನ್ಯವಾಗಿ ಕಚೇರಿಯದ್ದು. ಕೆಲವು ಕಂಪನಿಗಳ ಸಾಫ್ಟ್‌ವೇರ್ ಅದನ್ನೇ ಮನೆಯ ಊರೆಂದು ಹಿಡಿದುಬಿಡುತ್ತದೆ. ಬಾಡಿಗೆ ವಿವರ ತುಂಬುವಾಗ ಊರಿನ ಖಾನೆಯನ್ನು ಒಮ್ಮೆ ನೋಡಿ ಮುಂದಕ್ಕೆ ಹೋಗುವುದು ಕ್ಷೇಮ.

ರಸೀದಿಯಲ್ಲಿ ಏನಿರಬೇಕು, ಏನು ಇರಬಾರದು

ರಸೀದಿ ಎಂದರೆ ಬಾಡಿಗೆ ಪಾವತಿಯಾಯಿತು ಎಂಬುದಕ್ಕೆ ಮಾಲೀಕರ ಒಪ್ಪಿಗೆ. ಬಾಡಿಗೆದಾರರ ಹೆಸರು, ಮನೆಯ ಪೂರ್ತಿ ವಿಳಾಸ, ಯಾವ ತಿಂಗಳ ಬಾಡಿಗೆ, ಮೊತ್ತ, ತಾರೀಖು, ಮಾಲೀಕರ ಹೆಸರು ಮತ್ತು ಸಹಿ ಅದರಲ್ಲಿ ಇರಬೇಕು. 5,000 ರೂಪಾಯಿಗೆ ಮೀರಿದ ನಗದು ಪಾವತಿಗಾದರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಮಾಡಿಸುವುದು ರೂಢಿ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಲೇಬೇಕು. ತಿಂಗಳಿಗೆ ಸುಮಾರು 8,333 ದಾಟಿದರೆ ಆ ಮಿತಿ ಮುಗಿಯಿತು, ಬೆಂಗಳೂರಿನಲ್ಲಿ ಒಂದು ಕೋಣೆಯ ಮನೆಗೂ ಅದು ಅನ್ವಯಿಸುತ್ತದೆ. ಈ ವಿವರಗಳನ್ನು ಉದ್ಯೋಗಿ ಕಂಪನಿಗೆ ಕೊಡುತ್ತಿದ್ದದ್ದು ಫಾರಂ 12ಬಿಬಿಯಲ್ಲಿ. ತಿಂಗಳಿಗೆ 3,000ದವರೆಗೆ ಎಚ್‌ಆರ್‌ಎ ಪಡೆಯುವವರಿಂದ ಕಂಪನಿ ರಸೀದಿ ಕೇಳಬೇಕಾಗಿಲ್ಲ ಎಂಬ ಸಣ್ಣ ರಿಯಾಯಿತಿಯೂ ಇತ್ತು.

ಲೆಕ್ಕ ಕೆಡುವುದು ಬಾಡಿಗೆಯಲ್ಲದ್ದನ್ನು ಬಾಡಿಗೆಯ ಜತೆ ಸೇರಿಸಿದಾಗ. ಅಪಾರ್ಟ್‌ಮೆಂಟ್‌ನ ಮೇಂಟೆನೆನ್ಸ್, ಕರೆಂಟ್ ಬಿಲ್, ನೀರಿನ ಬಿಲ್ ಬಾಡಿಗೆಯಲ್ಲ. ಮನೆ ಹಿಡಿಯುವಾಗ ಕೊಟ್ಟ ಅಡ್ವಾನ್ಸ್ ಕೂಡ ಬಾಡಿಗೆಯಲ್ಲ, ಅದು ವಾಪಸ್ ಬರುವ ಹಣ. ಬೆಂಗಳೂರಿನಲ್ಲಿ ಲೀಸ್ ಎಂದು ಕರೆಯುವ ಪದ್ಧತಿಯಲ್ಲಿ ಹತ್ತಾರು ಲಕ್ಷ ಒಟ್ಟಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಹಣ ವಾಪಸ್ ಪಡೆದು ಮನೆ ಬಿಡುತ್ತಾರೆ. ಅಂಥವರ ಕೈಯಿಂದ ಬಾಡಿಗೆಯ ಖರ್ಚೇ ಆಗಿರುವುದಿಲ್ಲ, ಎಚ್‌ಆರ್‌ಎ ವಿನಾಯಿತಿಗೆ ಆಧಾರವೂ ಇರುವುದಿಲ್ಲ. ಇಬ್ಬರು ಗೆಳೆಯರು 24,000 ಬಾಡಿಗೆಯ ಮನೆಯನ್ನು ಹಂಚಿಕೊಂಡಿದ್ದರೆ ಒಬ್ಬೊಬ್ಬರ ಲೆಕ್ಕಕ್ಕೆ ಬರುವುದು ತಾವು ಕೊಟ್ಟ ಪಾಲು ಮಾತ್ರ. ರಸೀದಿಯೂ ಹಾಗೆಯೇ ಎರಡು ಹೆಸರಿಗೆ, ಎರಡು ಮೊತ್ತಕ್ಕೆ ಆಗಬೇಕು.

ತಂದೆ ತಾಯಿಗೆ ಬಾಡಿಗೆ ಕೊಡುವವರ ವಿಷಯ ಸ್ವಲ್ಪ ಸೂಕ್ಷ್ಮ. ಮನೆ ಅವರ ಹೆಸರಿನಲ್ಲಿದ್ದು, ಹಣ ನಿಜಕ್ಕೂ ಕೈ ಬದಲಾಗಿ, ಅವರು ಅದನ್ನು ತಮ್ಮ ಆದಾಯದಲ್ಲಿ ತೋರಿಸಿದರೆ ವಿನಾಯಿತಿಗೆ ಅಡ್ಡಿಯಿಲ್ಲ. ಆದರೆ ಸಾಕ್ಷ್ಯ ಗಟ್ಟಿಯಾಗಿರಬೇಕು. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಇಂಥದ್ದೇ ಪ್ರಕರಣ ಬಂದಿತ್ತು. ಮಗಳು ತಾಯಿಗೆ ನಗದಿನಲ್ಲಿ ಬಾಡಿಗೆ ಕೊಟ್ಟೆನೆಂದು ರಸೀದಿ ಹಾಜರುಪಡಿಸಿದ್ದರು. ಬ್ಯಾಂಕಿನಿಂದ ಅಷ್ಟು ಹಣ ತೆಗೆದ ಗುರುತು, ಕರಾರು ಪತ್ರ, ಆ ಮನೆಯಲ್ಲಿ ವಾಸವಿದ್ದದ್ದಕ್ಕೆ ನಂಬುವಂಥ ಪುರಾವೆ ಇರಲಿಲ್ಲ. ನ್ಯಾಯಮಂಡಳಿ ವಿನಾಯಿತಿಯನ್ನು ನಿರಾಕರಿಸಿತು. ರಸೀದಿಯೊಂದೇ ಇದ್ದು, ಅದರ ಹಿಂದೆ ಹಣದ ಜಾಡು ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ಜಾಡು ಹಿಡಿಯುವುದು ಇಲಾಖೆಗೆ ಈಗ ಕಷ್ಟವೂ ಅಲ್ಲ. ರಸೀದಿಯ ಮೇಲೆ ಬರೆದ ಪ್ಯಾನ್ ಮೂಲಕ ಮಾಲೀಕರ ರಿಟರ್ನ್ ತೆರೆದುಕೊಳ್ಳುತ್ತದೆ. 2020-21ರ ಸಾಲಿನಲ್ಲಿ ಉದ್ಯೋಗಿ ತೋರಿಸಿದ ಬಾಡಿಗೆಗೂ ಮಾಲೀಕರು ಪಡೆದದ್ದಕ್ಕೂ ತಾಳೆಯಾಗದ ಕೆಲವು ದೊಡ್ಡ ಮೊತ್ತದ ಪ್ರಕರಣಗಳನ್ನು ದತ್ತಾಂಶದಿಂದಲೇ ಗುರುತಿಸಿದ್ದಾಗಿ ಕೇಂದ್ರ ನೇರ ತೆರಿಗೆಗಳ ಮಂಡಳಿ 2024ರ ಏಪ್ರಿಲ್‌ನಲ್ಲಿ ಹೇಳಿತ್ತು. ಪ್ಯಾನ್ ಕೊಡಲು ಮಾಲೀಕರು ಹಿಂಜರಿಯುತ್ತಾರೆ ಎಂದರೆ ಬಾಡಿಗೆಯನ್ನು ಅವರು ತಮ್ಮ ಲೆಕ್ಕದಲ್ಲಿ ತೋರಿಸುತ್ತಿಲ್ಲ ಎಂಬ ಸಾಧ್ಯತೆ ಹೆಚ್ಚು. ಮನೆ ಹಿಡಿಯುವ ದಿನವೇ ಈ ಮಾತು ಆಡಿ ಕರಾರು ಪತ್ರದಲ್ಲೇ ಸಂಖ್ಯೆ ಬರೆಸಿಕೊಂಡರೆ ಜನವರಿಯ ಜಟಾಪಟಿ ತಪ್ಪುತ್ತದೆ.

ಇಷ್ಟೆಲ್ಲ ಲೆಕ್ಕದಿಂದ ಉಳಿದದ್ದೆಷ್ಟು?

ವಿಜಯನಗರದ ಉದ್ಯೋಗಿಯ 1,43,000 ರೂಪಾಯಿ ವಿನಾಯಿತಿಗೆ ಕೊನೆಗೆ ಎಷ್ಟು ಬೆಲೆ? ಇಲ್ಲಿ ಇನ್ನೊಂದು ಷರತ್ತು ಎದುರಾಗುತ್ತದೆ. ಎಚ್‌ಆರ್‌ಎ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಇದೆ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕೆಂದವರು ಕೇಳಿ ಪಡೆಯಬೇಕು. ಹೊಸ ಪದ್ಧತಿಯಲ್ಲಿರುವವರ ಸಂಬಳ ಚೀಟಿಯಲ್ಲೂ ಎಚ್‌ಆರ್‌ಎ ಎಂಬ ಸಾಲು ಇರುತ್ತದೆ, ಆದರೆ ಅದಷ್ಟಕ್ಕೂ ತೆರಿಗೆ ಬೀಳುತ್ತದೆ. ಎಷ್ಟು ರಸೀದಿ ಕೊಟ್ಟರೂ ಉಪಯೋಗವಿಲ್ಲ.

2024-25ರಲ್ಲಿ ಅವರ ಒಟ್ಟು ಸಂಬಳ 9,78,000. ಹಳೆಯ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ 1,43,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400 ಕಳೆದರೆ 7,82,600 ಉಳಿಯುತ್ತದೆ. ಭವಿಷ್ಯನಿಧಿ, ಜೀವ ವಿಮೆ, ಪಿಪಿಎಫ್ ಎಲ್ಲ ಸೇರಿ ಸೆಕ್ಷನ್ 80ಸಿಯ ಒಂದೂವರೆ ಲಕ್ಷವನ್ನೂ ಪೂರ್ತಿ ಬಳಸಿಕೊಂಡರು ಎಂದಿಟ್ಟುಕೊಂಡರೆ ತೆರಿಗೆ ಬೀಳುವ ಆದಾಯ 6,32,600. ಸೆಸ್ ಸೇರಿ ತೆರಿಗೆ ಸುಮಾರು 40,580 ರೂಪಾಯಿ.

ಹೊಸ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಬಿಟ್ಟರೆ ಬೇರೇನೂ ಕಳೆಯುವಂತಿಲ್ಲ. 9,03,000ಕ್ಕೆ ಆ ವರ್ಷದ ದರದಲ್ಲಿ ತೆರಿಗೆ, ಸೆಸ್ ಸೇರಿ, ಸುಮಾರು 41,910. ಎರಡರ ನಡುವಿನ ವ್ಯತ್ಯಾಸ 1,330 ರೂಪಾಯಿ. ವರ್ಷವಿಡೀ ರಸೀದಿ ಕೂಡಿಟ್ಟು, ಒಂದೂವರೆ ಲಕ್ಷ ಉಳಿತಾಯವನ್ನೂ ಮಾಡಿ ಸಿಕ್ಕಿದ್ದು ಇಷ್ಟು. ಅವರ ಉಳಿತಾಯ ಭವಿಷ್ಯನಿಧಿಯಷ್ಟೇ ಆಗಿದ್ದರೆ ಹಳೆಯ ಪದ್ಧತಿಯಲ್ಲಿ ತೆರಿಗೆ 59,000 ದಾಟುತ್ತಿತ್ತು. ಆಗ ಎಚ್‌ಆರ್‌ಎ ವಿನಾಯಿತಿ ಕೈಬಿಟ್ಟು ಹೊಸ ಪದ್ಧತಿಯಲ್ಲೇ ಇರುವುದು ಲಾಭ.

2025-26ರಿಂದ ತಕ್ಕಡಿ ಇನ್ನೂ ವಾಲಿದೆ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಗುವುದರಿಂದ, ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12,75,000 ಸಂಬಳದವರೆಗೆ ತೆರಿಗೆಯೇ ಇಲ್ಲ. ನಮ್ಮ ಉದ್ಯೋಗಿ ಆ ಮಿತಿಯೊಳಗೇ ಇದ್ದಾರೆ, ಅವರಿಗೆ ಎಚ್‌ಆರ್‌ಎ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ಅದರ ಅಗತ್ಯ ಉಳಿದಿರುವುದು ಹೆಚ್ಚು ಸಂಬಳ, ಹೆಚ್ಚು ಬಾಡಿಗೆ ಇದ್ದು, ಅದರ ಜತೆಗೆ 80ಸಿ, ಆರೋಗ್ಯ ವಿಮೆ, ಗೃಹಸಾಲದ ಬಡ್ಡಿಯಂಥ ಬೇರೆ ಕಡಿತಗಳೂ ದೊಡ್ಡದಾಗಿರುವವರಿಗೆ. ಅವರು ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ಹೋಲಿಸಿ ನೋಡಬೇಕು.

ಕಂಪನಿಗೆ ಸಕಾಲದಲ್ಲಿ ರಸೀದಿ ಕೊಡಲಾಗದಿದ್ದರೂ ದಾರಿ ಮುಚ್ಚಿಹೋಗುವುದಿಲ್ಲ. ವಿನಾಯಿತಿಯನ್ನು ರಿಟರ್ನ್ ಸಲ್ಲಿಸುವಾಗ ಕೇಳಿ, ಹೆಚ್ಚು ಕಡಿತವಾದ ತೆರಿಗೆಯನ್ನು ವಾಪಸ್ ಪಡೆಯಬಹುದು. ಆದರೆ ಸಂಬಳದಾರರು ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಲು ರಿಟರ್ನ್ ಗಡುವಿನೊಳಗೆ ಹೋಗಿರಬೇಕು. ತಡವಾಗಿ ಸಲ್ಲಿಸಿದರೆ ಹೊಸ ಪದ್ಧತಿಯೇ ಗತಿ. ಅದಕ್ಕೂ ಮುನ್ನ ಕಂಪನಿ ಕೊಟ್ಟ ಫಾರಂ 16ರ ಬಿ ಭಾಗದಲ್ಲಿ ಸೆಕ್ಷನ್ 10(13ಎ) ಎಂಬ ಸಾಲನ್ನು ಹುಡುಕಿ, ಅಲ್ಲಿರುವ ಮೊತ್ತವನ್ನು ತಿಂಗಳವಾರು ಲೆಕ್ಕದ ಜತೆ ತಾಳೆ ನೋಡಬೇಕು. ಸೊನ್ನೆ ಇದ್ದರೆ ರಸೀದಿ ತಲುಪಿಲ್ಲ ಅಥವಾ ಹೊಸ ಪದ್ಧತಿಯಲ್ಲಿ ಲೆಕ್ಕವಾಗಿದೆ ಎಂದರ್ಥ. ಮೊತ್ತ ಇದ್ದೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಮೂರು ಜಾಗ: ಬೇಸಿಕ್ ಬದಲಾದ ತಿಂಗಳು, ಬಾಡಿಗೆ ಬದಲಾದ ತಿಂಗಳು ಮತ್ತು ಮನೆಯ ಊರು.